ಡಿಬೆಂಚರು ಸೋಡಿ ಖಾತೆಯ ಶಿಲ್ಕು ಸರಿಹೊಂದದಿದ್ದಾಗ: ದೋಷ ಪತ್ತೆ ಮತ್ತು ತಿದ್ದುಪಡಿ

ಮುಖಬೆಲೆಗಿಂತ ಕಡಿಮೆ ಬೆಲೆಗೆ, ಅಂದರೆ ಸೋಡಿಯಲ್ಲಿ, ಹೊರಡಿಸಿದ ಡಿಬೆಂಚರುಗಳ ಲೆಕ್ಕದಲ್ಲಿ ತಪ್ಪು ನುಸುಳಿದರೆ ಅದು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯಬಲ್ಲದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ಬ್ಯಾಂಕಿನ ಲೆಕ್ಕ ಕೂಡಿಬರುತ್ತದೆ, ಡಿಬೆಂಚರುದಾರರಿಗೆ ಬಡ್ಡಿಯೂ ಸಕಾಲಕ್ಕೆ ಸಂದಾಯವಾಗುತ್ತದೆ. ಸೋಡಿಯನ್ನು ಯಾವ ವರ್ಷಕ್ಕೆ ಎಷ್ಟು ಖರ್ಚೆಂದು ವಜಾ ಮಾಡಬೇಕೆಂಬುದು ಕಂಪನಿಯ ಒಳಗಿನ ಲೆಕ್ಕಾಚಾರವಾದ್ದರಿಂದ, ಅದು ತಪ್ಪಿದೆಯೆಂದು ಹೊರಗಿನವರು ಯಾರೂ ಪತ್ರ ಬರೆದು ತಿಳಿಸುವುದಿಲ್ಲ. ಕಂತುಗಳಲ್ಲಿ ಮರುಪಾವತಿಯಾಗುವ ಡಿಬೆಂಚರುಗಳಲ್ಲಿ ಈ ದೋಷ ಹೆಚ್ಚಾಗಿ ಕಂಡುಬರುತ್ತದೆ. ಈ ಟಿಪ್ಪಣಿ ಅವುಗಳಿಗೆ ಸೀಮಿತವಾಗಿದೆ.

ದೋಷದ ಚಿಹ್ನೆಗಳು

ಡಿಬೆಂಚರುಗಳೆಲ್ಲ ತೀರಿಹೋದ ಮೇಲೂ ಸೋಡಿ ಖಾತೆಯಲ್ಲಿ ಶಿಲ್ಕು ಉಳಿದಿದ್ದರೆ, ಅಥವಾ ಡಿಬೆಂಚರುಗಳು ಇನ್ನೂ ಬಾಕಿಯಿರುವಾಗಲೇ ಸೋಡಿ ಖಾತೆ ಸೊನ್ನೆಯಾಗಿದ್ದರೆ, ತಪ್ಪಾಗಿದೆಯೆಂಬ ಸಂದೇಹ ಬಲವಾಗುತ್ತದೆ. ಆದರೆ ಇವೆರಡೂ ಕೊನೆಯ ಹಂತದಲ್ಲಿ ತೋರುವ ಚಿಹ್ನೆಗಳು. ಮೊದಲೇ ತೋರುವ ಚಿಹ್ನೆ ಇನ್ನೊಂದಿದೆ: ಅಸಲು ಕಂತುಕಂತಾಗಿ ತೀರುತ್ತಾ ಬಡ್ಡಿಯ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೂ ಸೋಡಿಯ ವಜಾ ಮಾತ್ರ ಪ್ರತಿವರ್ಷ ಒಂದೇ ಮೊತ್ತದಲ್ಲಿ ನಿಂತಿರುತ್ತದೆ. ಲೆಡ್ಜರಿನಲ್ಲಿ ಈ ಎರಡು ಖಾತೆಗಳನ್ನು ಅಕ್ಕಪಕ್ಕ ತೆರೆದಿಟ್ಟು ನೋಡಿದರೆ ಸಾಕು, ಅನುಮಾನಕ್ಕೆ ಎಡೆಯಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.

ದೋಷವೆಂದು ತೀರ್ಮಾನಿಸುವ ಮುನ್ನ

ಸೋಡಿ ಖಾತೆಯಲ್ಲಿ ನಿರೀಕ್ಷಿಸಿದ ಶಿಲ್ಕು ಇಲ್ಲದಿರುವುದಕ್ಕೆ ಸಕ್ರಮವಾದ ಕಾರಣಗಳೂ ಇರಬಹುದು. 2013ರ ಕಂಪನಿ ಕಾಯ್ದೆಯ 52ನೇ ಕಲಮಿನ ಎರಡನೇ ಉಪಕಲಮು ಡಿಬೆಂಚರುಗಳ ಮೇಲಿನ ಸೋಡಿಯನ್ನು ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಯಿಂದ ವಜಾ ಮಾಡಲು ಅವಕಾಶ ಕೊಡುತ್ತದೆ. ಕಂಪನಿ ಆ ದಾರಿ ಹಿಡಿದಿದ್ದರೆ ಸೋಡಿ ಮೊದಲ ವರ್ಷವೇ ತೀರಿಹೋಗಿರುತ್ತದೆ, ಮುಂದಿನ ವರ್ಷಗಳಿಗೆ ಹಂಚಲು ಏನೂ ಉಳಿದಿರುವುದಿಲ್ಲ. ಅದೇ ಕಲಮಿನ ಮೂರನೇ ಉಪಕಲಮಿಗೆ ಒಳಪಡುವ, ನಿಯಮಗಳಲ್ಲಿ ಗೊತ್ತುಪಡಿಸಿದ ವರ್ಗದ ಕಂಪನಿಗಳಿಗೆ ಮಾತ್ರ ಈ ಅವಕಾಶ ಈಕ್ವಿಟಿ ಷೇರುಗಳ ಸೋಡಿಗಷ್ಟೇ ಮೀಸಲು. ಅಂಥ ಕಂಪನಿ ಡಿಬೆಂಚರಿನ ಸೋಡಿಯನ್ನು ಪ್ರೀಮಿಯಂ ಖಾತೆಗೆ ಹಾಕಿದ್ದರೆ ಅದೇ ಒಂದು ದೋಷವಾಗುತ್ತದೆ.

ಕಂಪನಿ ಇಂಡ್ ಎಎಸ್ ಎಂಬ ಭಾರತೀಯ ಲೆಕ್ಕಪತ್ರ ಮಾನದಂಡಗಳನ್ನು ಅನುಸರಿಸುತ್ತಿದ್ದರೆ ಸೋಡಿಗೆಂದು ಪ್ರತ್ಯೇಕ ಆಸ್ತಿ ಖಾತೆಯನ್ನು ಹುಡುಕುವುದೇ ಸರಿಯಲ್ಲ. ಇಂಡ್ ಎಎಸ್ 109ರ ಪ್ರಕಾರ ಅಮಾರ್ಟೈಸ್ಡ್ ಕಾಸ್ಟ್ ವಿಧಾನದಲ್ಲಿ ಡಿಬೆಂಚರು ತನಗೆ ಬಂದ ನಿವ್ವಳ ಮೊತ್ತದಲ್ಲೇ ಹೊಣೆಯಾಗಿ ದಾಖಲಾಗುತ್ತದೆ, ಮತ್ತು ಸೋಡಿ ಪರಿಣಾಮಕಾರಿ ಬಡ್ಡಿದರದ ಮೂಲಕ ಬಡ್ಡಿಯ ಖರ್ಚಿನೊಳಗೇ ಸೇರಿಕೊಂಡು ಬರುತ್ತದೆ. ಅಂಥ ಪುಸ್ತಕದಲ್ಲಿ ನಿವ್ವಳ ಹೊಣೆಯ ಜೊತೆಗೆ ಸೋಡಿಯ ಆಸ್ತಿಯೂ ಕಂಡರೆ ಒಂದೇ ಸೋಡಿ ಎರಡು ಸಲ ಲೆಕ್ಕಕ್ಕೆ ಬಂದಿದೆ ಎಂದರ್ಥ. ಮೂರನೆಯದಾಗಿ, ಸಾಲದ ಹಣ ಕಟ್ಟಡವೋ ಸ್ಥಾವರವೋ ಆಗುತ್ತಿರುವ ಅರ್ಹ ಆಸ್ತಿಯೊಂದಕ್ಕೆ ಬಳಕೆಯಾಗಿದ್ದರೆ, ಸೋಡಿಯ ವಜಾವನ್ನು ಸಾಲವೆಚ್ಚವೆಂದೇ ಪರಿಗಣಿಸುವ ಎಎಸ್ 16 ಎಂಬ ಲೆಕ್ಕಪತ್ರ ಮಾನದಂಡದಂತೆ, ಅದರ ಭಾಗ ಲಾಭ-ನಷ್ಟ ಪಟ್ಟಿಗೆ ಬಾರದೆ ಆಸ್ತಿಯ ವೆಚ್ಚಕ್ಕೆ ಸೇರಿರಬಹುದು. ಈ ಮೂರೂ ಅಲ್ಲವೆಂದು ಖಾತ್ರಿಯಾದ ಮೇಲೆ ಲೆಕ್ಕದೊಳಗೆ ಇಳಿಯಬೇಕು.

ಪರೀಕ್ಷೆಗೆ ಒಂದು ಉದಾಹರಣೆ

ಎಎಸ್‌ಗಳನ್ನು ಅನುಸರಿಸುವ, ಮಾರ್ಚ್ 31ಕ್ಕೆ ವರ್ಷ ಮುಗಿಸುವ ಒಂದು ಕಂಪನಿಯನ್ನು ತೆಗೆದುಕೊಳ್ಳೋಣ. ಅದು 2019ರ ಅಕ್ಟೋಬರ್ 1ರಂದು ತಲಾ ₹100 ಮುಖಬೆಲೆಯ 50,000 ಡಿಬೆಂಚರುಗಳನ್ನು ಶೇ 6ರ ಸೋಡಿಯಲ್ಲಿ ಹೊರಡಿಸಿತು. ಕೈಗೆ ಬಂದದ್ದು ₹47 ಲಕ್ಷ, ತೀರಿಸಬೇಕಾದದ್ದು ₹50 ಲಕ್ಷ, ನಡುವಿನ ₹3 ಲಕ್ಷ ಸೋಡಿ. ಬಡ್ಡಿ ವರ್ಷಕ್ಕೆ ಶೇ 9. ಮರುಪಾವತಿ 2020ರಿಂದ 2024ರವರೆಗೆ ಪ್ರತಿವರ್ಷ ಸೆಪ್ಟೆಂಬರ್ 30ರಂದು ₹10 ಲಕ್ಷದಂತೆ, ಚೀಟಿ ಎತ್ತಿ ಆರಿಸಿದ ಡಿಬೆಂಚರುಗಳಿಗೆ.

ಲೆಕ್ಕ ಬರೆಯುವವರು ಐದು ವರ್ಷದ ಡಿಬೆಂಚರು ಎಂದುಕೊಂಡು ₹3 ಲಕ್ಷವನ್ನು ಐದರಿಂದ ಭಾಗಿಸಿ, 2019-20ರಿಂದಲೇ ವರ್ಷಕ್ಕೆ ₹60,000ದಂತೆ ವಜಾ ಮಾಡುತ್ತಾ ಬಂದಿದ್ದಾರೆ. ಈಗ 2021-22ರ ಲೆಕ್ಕ ಮುಗಿಸಬೇಕಾಗಿದೆ. ಆ ವರ್ಷದ ₹60,000ವನ್ನೂ ಕರಡಿನಲ್ಲಿ ಹಾಕಲಾಗಿದೆ. ಸೋಡಿ ಖಾತೆಯ ಶಿಲ್ಕು ₹1,20,000 ತೋರುತ್ತಿದೆ.

ಮೊದಲ ಪರೀಕ್ಷೆಗೆ ಬೇಕಾಗುವುದು ಲೆಡ್ಜರು ಮಾತ್ರ. ಪ್ರತಿವರ್ಷದ ಸೋಡಿಯ ವಜಾವನ್ನು ಆ ವರ್ಷದ ಡಿಬೆಂಚರು ಬಡ್ಡಿಯಿಂದ ಭಾಗಿಸಿ ನೋಡಬೇಕು. ಬಡ್ಡಿ ಬಾಕಿ ಮುಖಬೆಲೆಯ ಮೇಲೆ, ಕಳೆದ ಕಾಲಕ್ಕೆ ತಕ್ಕಂತೆ ಹುಟ್ಟುತ್ತದೆ. ಸೋಡಿಯ ವಜಾವೂ ಅದೇ ಎರಡು ಸಂಗತಿಗಳನ್ನು ಅನುಸರಿಸಬೇಕು. ಆದ್ದರಿಂದ ಬಡ್ಡಿದರ ಬದಲಾಗದಿರುವವರೆಗೆ ಈ ಭಾಗಲಬ್ಧ ಎಲ್ಲ ವರ್ಷಗಳಲ್ಲೂ ಒಂದೇ ಆಗಿರಬೇಕು. ಇಲ್ಲಿ ಬಡ್ಡಿ 2019-20ರಲ್ಲಿ ಆರು ತಿಂಗಳಿಗೆ ₹2,25,000, 2020-21ರಲ್ಲಿ ₹4,05,000, 2021-22ರಲ್ಲಿ ₹3,15,000. ಮೂರಕ್ಕೂ ಎದುರು ವಜಾ ₹60,000 ಎಂದರೆ ಅನುಪಾತ ಕ್ರಮವಾಗಿ ಸುಮಾರು ಶೇ 27, ಶೇ 15, ಶೇ 19. ಇಷ್ಟು ಓಲಾಡುವ ಅನುಪಾತ ತಪ್ಪಿದೆ ಎಂಬುದನ್ನು ಹೇಳಿತು, ಎಷ್ಟು ತಪ್ಪಿದೆ ಎಂಬುದನ್ನು ಹೇಳಲಿಲ್ಲ. ಮಾರ್ಚ್ 31ಕ್ಕೆ ಸಲ್ಲಬೇಕಾದ ಆರು ತಿಂಗಳ ಬಡ್ಡಿಯನ್ನು ಬಾಕಿಯಾಗಿ ದಾಖಲಿಸದೆ ಬಿಟ್ಟಿದ್ದರೂ ಅನುಪಾತ ಓಲಾಡುತ್ತದೆ. ಹಾಗಾಗಿ ಬಡ್ಡಿಯ ಅಂಕಿಗಳನ್ನು ಮೊದಲು ಖಚಿತಪಡಿಸಿಕೊಳ್ಳುವುದು ಕ್ಷೇಮ.

ಎರಡನೇ ಪರೀಕ್ಷೆ ಮೊತ್ತವನ್ನೇ ಕೊಡುತ್ತದೆ. ಅದಕ್ಕೆ ಡಿಬೆಂಚರಿನ ಒಪ್ಪಂದಪತ್ರವನ್ನು ತರಿಸಿಕೊಳ್ಳಬೇಕು. ಹಿಂದಿನ ವರ್ಷದ ಎಕ್ಸೆಲ್ ಶೀಟನ್ನು ನೆಚ್ಚಬಾರದು. ದೋಷ ಹುಟ್ಟಿದ್ದೇ ಅಲ್ಲಿ, ಮತ್ತು ಪ್ರತಿವರ್ಷ ಅದನ್ನೇ ನಕಲು ಮಾಡಿ ದಿನಾಂಕ ಬದಲಿಸಿರುವ ಸಾಧ್ಯತೆ ಹೆಚ್ಚು. ಒಪ್ಪಂದದಲ್ಲಿ ನೋಡಬೇಕಾದವು ಹಂಚಿಕೆಯ ದಿನಾಂಕ ಮತ್ತು ಕಂತುಗಳ ದಿನಾಂಕ. ಇವುಗಳಿಂದ ₹1 ಲಕ್ಷ ಒಂದು ವರ್ಷ ಬಾಕಿಯಿದ್ದುದನ್ನು ಒಂದು ಘಟಕವೆಂದು ಹಿಡಿದು, ಇಡೀ ಸಾಲದ ಜೀವಮಾನದಲ್ಲಿ ಇಂಥ ಎಷ್ಟು ಘಟಕಗಳಿವೆ ಎಂದು ಎಣಿಸಬೇಕು. ಮೊದಲ ಹನ್ನೆರಡು ತಿಂಗಳು ₹50 ಲಕ್ಷ, ಅನಂತರ 40, 30, 20, 10. ಒಟ್ಟು 150 ಘಟಕ. ಮೂರು ಲಕ್ಷವನ್ನು 150ರಿಂದ ಭಾಗಿಸಿದರೆ ಘಟಕಕ್ಕೆ ₹2,000, ಅಂದರೆ ಬಾಕಿ ಮುಖಬೆಲೆಯ ಮೇಲೆ ವರ್ಷಕ್ಕೆ ಶೇ 2. ಕಂಪನಿ ಘೋಷಿಸಿದ ಶೇ 9ರ ಬಡ್ಡಿಯ ಮೇಲೆ ಸದ್ದಿಲ್ಲದೆ ಇನ್ನೂ ಶೇ 2 ಕೊಡುತ್ತಿದೆ ಎಂದು ಈ ಅಂಕಿಯನ್ನು ಓದಬಹುದು. ಮೊದಲ ಪರೀಕ್ಷೆಯ ಸರಿಯಾದ ಅನುಪಾತ ಒಂಬತ್ತಕ್ಕೆ ಎರಡು, ಸುಮಾರು ಶೇ 22, ಆಗಿರಬೇಕಿತ್ತೆಂಬುದೂ ಇದರಿಂದ ತಿಳಿಯುತ್ತದೆ.

ಈಗ ಶಿಲ್ಕನ್ನು ಹಿಂದಿನಿಂದ ಎಣಿಸುವ ಬದಲು ಮುಂದಿನಿಂದ ಎಣಿಸಬೇಕು. 2022ರ ಮಾರ್ಚ್ 31ರಂದು ₹30 ಲಕ್ಷ ಬಾಕಿಯಿದೆ. ಅದು ಸೆಪ್ಟೆಂಬರಿನವರೆಗೆ ಅರ್ಧ ವರ್ಷ ನಿಲ್ಲುವುದರಿಂದ 15 ಘಟಕ, ಆಮೇಲೆ ಒಂದು ವರ್ಷ ₹20 ಲಕ್ಷದ 20 ಘಟಕ, ಕೊನೆಯ ವರ್ಷ ₹10 ಲಕ್ಷದ 10 ಘಟಕ; ಒಟ್ಟು 45. ಘಟಕಕ್ಕೆ ₹2,000ದಂತೆ ಆ ದಿನ ಸೋಡಿ ಖಾತೆಯಲ್ಲಿ ₹90,000 ಇರಬೇಕು. ಪುಸ್ತಕ ತೋರುತ್ತಿರುವುದು ₹1,20,000. ಆಸ್ತಿ ₹30,000ದಷ್ಟು ಹೆಚ್ಚಾಗಿದೆ. ಹೀಗೆ ಮುಂದಿನ ಕಾಲದಿಂದ ಎಣಿಸುವುದರ ಅನುಕೂಲವೆಂದರೆ, ಹಿಂದಿನ ವರ್ಷಗಳಲ್ಲಿ ಯಾರು ಏನು ಬರೆದಿದ್ದರೂ ಅದರ ನೆರಳು ಈ ಉತ್ತರದ ಮೇಲೆ ಬೀಳುವುದಿಲ್ಲ.

ಎರಡು ತಪ್ಪುಗಳನ್ನು ಬೇರ್ಪಡಿಸುವುದು

ವ್ಯತ್ಯಾಸದ ಮೊತ್ತ ಸಿಕ್ಕಿತೆಂದು ಇಲ್ಲಿಗೇ ನಿಲ್ಲಿಸಿದರೆ ಕಾರಣ ತಪ್ಪಾಗಿ ದಾಖಲಾಗುತ್ತದೆ, ಏಕೆಂದರೆ ಈ ಪುಸ್ತಕದಲ್ಲಿ ಒಂದನ್ನೊಂದು ಮುಚ್ಚಿಕೊಂಡ ಎರಡು ತಪ್ಪುಗಳಿವೆ. ಸರಿಯಾದ ವಜಾ ಮತ್ತು ಪುಸ್ತಕದ ಪದ್ಧತಿ ಕೊನೆಯವರೆಗೆ ನಡೆದಿದ್ದರೆ ಬರುತ್ತಿದ್ದ ಶಿಲ್ಕುಗಳು ಹೀಗಿವೆ:

| ವರ್ಷಾಂತ್ಯ | ಸರಿಯಾದ ವಜಾ (₹) | ಸರಿಯಾದ ಶಿಲ್ಕು (₹) | ಪುಸ್ತಕದ ಶಿಲ್ಕು (₹) |
|---|---|---|---|
| ಮಾರ್ಚ್ 2020 | 50,000 | 2,50,000 | 2,40,000 |
| ಮಾರ್ಚ್ 2021 | 90,000 | 1,60,000 | 1,80,000 |
| ಮಾರ್ಚ್ 2022 | 70,000 | 90,000 | 1,20,000 |
| ಮಾರ್ಚ್ 2023 | 50,000 | 40,000 | 60,000 |
| ಮಾರ್ಚ್ 2024 | 30,000 | 10,000 | 0 |
| ಮಾರ್ಚ್ 2025 | 10,000 | 0 | 0 |

ಮೊದಲ ವರ್ಷಾಂತ್ಯಕ್ಕೆ ಪುಸ್ತಕದ ಶಿಲ್ಕು ಸರಿಯಾದುದಕ್ಕಿಂತ ಕಡಿಮೆ, ಎರಡನೆಯದಕ್ಕೆ ಹೆಚ್ಚು, ಐದನೆಯದಕ್ಕೆ ಮತ್ತೆ ಕಡಿಮೆ. ಒಂದೇ ತಪ್ಪಿದ್ದಿದ್ದರೆ ವ್ಯತ್ಯಾಸ ಹೀಗೆ ದಿಕ್ಕು ಬದಲಿಸುತ್ತಿರಲಿಲ್ಲ. ಬಾಕಿ ಇಳಿಯುವುದನ್ನು ಕಡೆಗಣಿಸಿ ಸಮನಾಗಿ ಹಂಚಿದ್ದೊಂದೇ ದೋಷವಾಗಿದ್ದು ತಿಂಗಳುಗಳನ್ನು ಸರಿಯಾಗಿ ಎಣಿಸಿದ್ದರೆ, ಮೊದಲ ವರ್ಷ ಆರು ತಿಂಗಳಿಗೆ ₹30,000 ಮಾತ್ರ ವಜಾ ಆಗಿ ಶಿಲ್ಕು ₹2,70,000 ಉಳಿಯುತ್ತಿತ್ತು, ಮತ್ತು ಕೊನೆಯ ಕಂತಿನವರೆಗೂ ಪ್ರತಿ ವರ್ಷಾಂತ್ಯಕ್ಕೆ ಪುಸ್ತಕದ ಶಿಲ್ಕು ಹೆಚ್ಚಾಗಿಯೇ ತೋರುತ್ತಿತ್ತು. ಅಕ್ಟೋಬರಿನಲ್ಲಿ ಹೊರಡಿಸಿದ ಡಿಬೆಂಚರಿಗೆ ಆ ವರ್ಷ ಇಡೀ ಹನ್ನೆರಡು ತಿಂಗಳ ವಜಾ ಹಾಕಿದ್ದು ಎರಡನೇ ತಪ್ಪು. ಅದು ₹30,000 ಹೆಚ್ಚುವರಿ ವಜಾ ಮಾಡಿ, ಮೊದಲ ತಪ್ಪಿನಿಂದ ಕಡಿಮೆಯಾದ ₹20,000ವನ್ನು ಮುಚ್ಚಿಹಾಕಿ, ಮೇಲೆ ₹10,000 ಉಳಿಸಿತು. ಮೊದಲ ವರ್ಷ ವ್ಯತ್ಯಾಸ ಅಷ್ಟು ಚಿಕ್ಕದಾಗಿ ಕಂಡು ಯಾರ ಗಮನಕ್ಕೂ ಬಾರದಿದ್ದುದಕ್ಕೆ ಇದೇ ಕಾರಣ. ಸಮ ಹಂಚಿಕೆಯೇ ತಪ್ಪೆಂದು ಇದರ ಅರ್ಥವಲ್ಲ. ಇಡೀ ಅಸಲು ಅವಧಿಯ ಕೊನೆಗೆ ಒಟ್ಟಿಗೆ ತೀರುವ ಡಿಬೆಂಚರಿಗೆ ಬಾಕಿ ಮುಖಬೆಲೆ ಬದಲಾಗುವುದೇ ಇಲ್ಲವಾದ್ದರಿಂದ ಸಮ ಹಂಚಿಕೆಯೂ ಮೇಲಿನ ಲೆಕ್ಕವೂ ಒಂದೇ ಉತ್ತರ ಕೊಡುತ್ತವೆ. ಅಂಥ ಹಳೆಯ ಡಿಬೆಂಚರಿನ ಶೀಟನ್ನು ಕಂತಿನ ಡಿಬೆಂಚರಿಗೂ ಬಳಸಿಕೊಂಡಾಗ ತೊಂದರೆ ಶುರುವಾಗುತ್ತದೆ.

ತಿದ್ದುಪಡಿ

₹30,000ದ ವ್ಯತ್ಯಾಸದಲ್ಲಿ ₹10,000 ಈ ವರ್ಷದ್ದು. ವಜಾ ಆಗಬೇಕಿದ್ದ ₹70,000ಕ್ಕೆ ಬದಲು ₹60,000 ಹಾಕಿದ್ದರಿಂದ ಬಂದದ್ದು. ಲೆಕ್ಕ ಇನ್ನೂ ಮುಗಿದಿಲ್ಲವಾದ್ದರಿಂದ ಕರಡನ್ನೇ ತಿದ್ದಬಹುದು. ಉಳಿದ ₹20,000 ಈಗಾಗಲೇ ಅನುಮೋದನೆಗೊಂಡ ಎರಡು ವರ್ಷಗಳ ಲೆಕ್ಕದಲ್ಲಿ ಬಿಟ್ಟುಹೋದದ್ದು. ಎಎಸ್ 5ರ ಪ್ರಕಾರ ಇದು ಪೂರ್ವಾವಧಿಯ ಬಾಬತ್ತು. ಅದನ್ನು ಈ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ಸೇರಿಸಿ, ಸ್ವರೂಪವನ್ನೂ ಮೊತ್ತವನ್ನೂ ಪ್ರತ್ಯೇಕವಾಗಿ ತೋರಿಸಬೇಕು. ಕರಡಿನ ನಮೂದನ್ನು ತೆಗೆದುಹಾಕಿ, ಈ ವರ್ಷದ ಸೋಡಿ ವಜಾ ಎಂದು ₹70,000 ಮತ್ತು ಪೂರ್ವಾವಧಿಯ ಬಾಬತ್ತು ಎಂದು ₹20,000 ಡೆಬಿಟ್ ಮಾಡಿ, ಡಿಬೆಂಚರು ಸೋಡಿ ಖಾತೆಗೆ ₹90,000 ಕ್ರೆಡಿಟ್ ಮಾಡಿದರೆ, ಹಿಂದಿನ ವರ್ಷದಿಂದ ಬಂದ ₹1,80,000ದಲ್ಲಿ ₹90,000 ಉಳಿಯುತ್ತದೆ, ಎರಡನೇ ಪರೀಕ್ಷೆಯ ಉತ್ತರಕ್ಕೆ ಸರಿಹೊಂದುತ್ತದೆ.

ಇದನ್ನು ಅಂದಾಜಿನ ಬದಲಾವಣೆ ಎಂದು ಕರೆದು ಉಳಿದ ವರ್ಷಗಳಿಗೆ ಹಂಚಿಬಿಡೋಣ ಎಂಬ ಸಲಹೆ ಕೆಲವೊಮ್ಮೆ ಬರುತ್ತದೆ. ಅದನ್ನು ಒಪ್ಪುವುದು ಕಷ್ಟ. ಹೊಸ ಮಾಹಿತಿ ಬಂದು ಅಂದಾಜು ಬದಲಾದದ್ದು ಇಲ್ಲಿ ಯಾವುದೂ ಇಲ್ಲ. ಕಂತಿನ ದಿನಾಂಕಗಳು ಮೊದಲ ದಿನದಿಂದಲೂ ಒಪ್ಪಂದಪತ್ರದಲ್ಲೇ ಇದ್ದವು.

ತಿದ್ದಿದ ಶಿಲ್ಕನ್ನು ಬ್ಯಾಲೆನ್ಸ್ ಶೀಟಿನಲ್ಲಿ ಒಂದೇ ಸಾಲಿನಲ್ಲಿ ಇಡುವಂತಿಲ್ಲ. ಮುಂದಿನ ಹನ್ನೆರಡು ತಿಂಗಳಲ್ಲಿ ವಜಾ ಆಗುವ ₹50,000 ಇತರ ಚಾಲ್ತಿ ಆಸ್ತಿಗಳಲ್ಲೂ, ಅದರಾಚೆಯ ₹40,000 ಇತರ ಚಾಲ್ತಿಯಲ್ಲದ ಆಸ್ತಿಗಳಲ್ಲೂ ಬರಬೇಕು. ಸಮ ಹಂಚಿಕೆಯ ಶೀಟು ಇದನ್ನೂ 60,000 ಮತ್ತು 60,000 ಎಂದು ಒಡೆದಿರುತ್ತದೆ, ಆದ್ದರಿಂದ ಶಿಲ್ಕು ತಿದ್ದಿದ ಮೇಲೆ ಈ ವಿಂಗಡಣೆಯನ್ನೂ ಮರೆಯದೆ ತಿದ್ದಬೇಕು.

ಆದಾಯ ತೆರಿಗೆಯ ಲೆಕ್ಕವನ್ನು ಬೇರೆಯಾಗಿ ನೋಡಬೇಕಾಗುತ್ತದೆ. ಇಡೀ ₹3 ಲಕ್ಷವನ್ನು ಮೊದಲ ವರ್ಷವೇ ವೆಚ್ಚವೆಂದು ಕೇಳಿದ್ದರೆ, ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟ ತೀರ್ಪು ಎದುರಾಗುತ್ತದೆ. ಆ ಸಂಸ್ಥೆ 1966ರಲ್ಲಿ ₹1.5 ಕೋಟಿಯ ಡಿಬೆಂಚರುಗಳನ್ನು ಹೊರಡಿಸಿತ್ತು. ಸೋಡಿಯ ಮೊತ್ತ ₹3 ಲಕ್ಷ, ಅವಧಿ 12 ವರ್ಷ. ಆರು ತಿಂಗಳ ಪಾಲೆಂದು ಅದು ತನ್ನ ಪುಸ್ತಕದಲ್ಲಿ ವಜಾ ಮಾಡಿದ್ದು ₹12,500. ಸೋಡಿ ವ್ಯವಹಾರದ ವೆಚ್ಚವೇ ಹೌದು, ಆದರೆ ಅದರ ಪ್ರಯೋಜನ ಡಿಬೆಂಚರಿನ ಅವಧಿಯುದ್ದಕ್ಕೂ ಸಿಗುವುದರಿಂದ ಅದನ್ನು ಆ ಅವಧಿಗೆ ಹಂಚಬೇಕು ಎಂದು ನ್ಯಾಯಾಲಯ ಹೇಳಿತು. ಆರು ತಿಂಗಳಿಗೆ ಆರೇ ತಿಂಗಳ ಪಾಲು ಎಂಬ ಎಣಿಕೆ ಅಲ್ಲಿ ತಪ್ಪಿರಲಿಲ್ಲ ಎಂಬುದು ನಮ್ಮ ಉದಾಹರಣೆಯ ಎರಡನೇ ತಪ್ಪಿನ ಪಕ್ಕದಲ್ಲಿಟ್ಟು ನೋಡತಕ್ಕ ವಿಷಯ.

ಅವಧಿಗೆ ಮುನ್ನ ಕೊಂಡು ರದ್ದು ಮಾಡಿದಾಗ

ಹಂಚಿಕೆ ಸರಿಯಾದ ಮೇಲೂ ಶಿಲ್ಕು ಮತ್ತೆ ತಪ್ಪಲು ಒಂದು ದಾರಿ ಉಳಿದಿರುತ್ತದೆ. ಕಂಪನಿ ತನ್ನದೇ ಡಿಬೆಂಚರುಗಳನ್ನು ಮಾರುಕಟ್ಟೆಯಲ್ಲಿ ಕೊಂಡು ರದ್ದು ಮಾಡಿದರೆ, ಅವುಗಳಿಗೆ ಅಂಟಿಕೊಂಡಿದ್ದ ವಜಾ ಆಗದ ಸೋಡಿಯೂ ಅದೇ ದಿನ ಹೋಗಬೇಕು. ಅದನ್ನು ಖಾತೆಯಲ್ಲೇ ಬಿಟ್ಟುಬಿಡುವುದು ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು.

ಮೇಲಿನ ಕಂಪನಿ 2022ರ ಏಪ್ರಿಲ್ 1ರಂದು ₹5 ಲಕ್ಷ ಮುಖಬೆಲೆಯ ಡಿಬೆಂಚರುಗಳನ್ನು ತಲಾ ₹97ರಂತೆ ಕೊಂಡು ರದ್ದು ಮಾಡಿತು, ಮತ್ತು ಒಪ್ಪಂದದಂತೆ ಅವನ್ನು ಕೊನೆಯ ಕಂತಿಗೆ ಸರಿಹೊಂದಿಸಿಕೊಂಡಿತು ಎಂದುಕೊಳ್ಳೋಣ. ಕೊಟ್ಟದ್ದು ₹4,85,000, ಮೇಲುನೋಟಕ್ಕೆ ₹15,000 ಲಾಭ. ಆದರೆ ಆ ₹5 ಲಕ್ಷ ಇನ್ನೂ ಎರಡೂವರೆ ವರ್ಷ ಬಾಕಿಯಿರಬೇಕಿತ್ತು, ಅಂದರೆ 12.5 ಘಟಕ, ಅದಕ್ಕೆ ಸೇರಿದ ಸೋಡಿ ₹25,000. ಅದನ್ನು ಕಳೆದರೆ ಈ ವ್ಯವಹಾರದಲ್ಲಿ ₹10,000 ನಷ್ಟವೇ ಆಗಿದೆ. ₹15,000ವನ್ನು ಲಾಭವೆಂದು ಕ್ಯಾಪಿಟಲ್ ರಿಸರ್ವ್‌ಗೆ ಒಯ್ದ ನಮೂದು ಕಂಡರೆ, ಜೊತೆಗೆ ಸೋಡಿ ಖಾತೆಗೆ ₹25,000ದ ಕ್ರೆಡಿಟ್ ಇದೆಯೇ ಎಂದು ಆಗಲೇ ನೋಡಬೇಕು.

ಇಲ್ಲದಿದ್ದರೆ ಲಕ್ಷಣ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಪಟ್ಟಿಯ 50,000, 30,000, 10,000ವನ್ನೇ ಮುಂದುವರಿಸಿದರೆ ಖಾತೆ ಕೊನೆಗೆ ಸೊನ್ನೆಯಾಗುತ್ತದೆ, ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಸೋಡಿ ಮತ್ತು ಬಡ್ಡಿಯ ಅನುಪಾತ ಶೇ 22ರಿಂದ ಮೇಲೇರುವುದೊಂದೇ ಸುಳಿವು. ಪ್ರತಿವರ್ಷ ನಿಜವಾದ ಬಾಕಿಯ ಮೇಲೆ ಶೇ 2ರಂತೆ ಹೊಸದಾಗಿ ಎಣಿಸುವ ರೂಢಿಯಿದ್ದರೆ ವಜಾ 40,000, 20,000, 5,000 ಆಗುತ್ತದೆ, ಅನುಪಾತ ಅಲುಗಾಡುವುದಿಲ್ಲ, ಆದರೆ 2024ರ ಸೆಪ್ಟೆಂಬರ್ 30ರಂದು ಕೊನೆಯ ಡಿಬೆಂಚರು ತೀರಿದ ಮೇಲೂ ಖಾತೆಯಲ್ಲಿ ₹25,000 ಉಳಿದುಬಿಡುತ್ತದೆ. ಆ ಮೊತ್ತವನ್ನು ಘಟಕದ ದರ ₹2,000ದಿಂದ ಭಾಗಿಸಿದರೆ 12.5 ಬರುತ್ತದೆ. ₹5 ಲಕ್ಷ ಮತ್ತು ಎರಡೂವರೆ ವರ್ಷ ಹೊಂದುವ ಖರೀದಿಯ ವೋಚರನ್ನು 2022ರ ಏಪ್ರಿಲಿನ ಕಡತದಲ್ಲಿ ಹುಡುಕಿದರೆ ದೋಷದ ಮೂಲ ಸಿಗುತ್ತದೆ.